ಕೆಂಪು ಗೆರೆ, ನೀಲಿ ಗೆರೆ

ಮೆಹನಾಜ್‌ಗೆ ಈ ಕೆಲಸ ಬೇಕೇ ಬೇಕಿತ್ತು. ಎಂ.ಎಸ್ಸಿ. ಫಿಸಿಕ್ಸ್ ಮುಗಿಸಿ, ಕಡೂರಿನ ಮನೆಯ ಮುಂದಿನ ಕೋಣೆಯಲ್ಲಿ ಟ್ಯೂಷನ್ ಹೇಳುತ್ತ, ಸುತ್ತಲಿನ ಕಾಲೇಜುಗಳಲ್ಲಿ ಡೆಮೊ ಕ್ಲಾಸ್ ಕೊಟ್ಟೂ ಕೊಟ್ಟೂ ಅವಳಿಗೆ ಸಾಕಾಗಿ ಹೋಗಿತ್ತು. ಎಲ್ಲ ಕಡೆಯೂ ಒಂದೇ ಮಾತು: “ಚೆನ್ನಾಗಿ ಮಾಡಿದ್ರಿ ಮೇಡಂ, ತಿಳಿಸ್ತೀವಿ.” ಒಬ್ಬ ಪುಣ್ಯಾತ್ಮನೂ ತಿಳಿಸಿದ್ದಿಲ್ಲ. ಈ ಸಲ ಖಾಲಿ ಕೈಯಲ್ಲಿ ವಾಪಸ್ ಬರೋದಿಲ್ಲ ಎಂದು ಅಮ್ಮ ಅಮೀನಾಬಿಗೆ ಹೇಳಿಯೇ ಅವಳು ಅಜ್ಜಂಪುರದ ಬಸ್ಸು ಹತ್ತಿದ್ದಳು.

ಅಜ್ಜಂಪುರದ ಆ ಖಾಸಗಿ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತಿದ್ದ ಕಾಂತರಾಜು ಮೇಷ್ಟ್ರು ನಿವೃತ್ತರಾಗುತ್ತಿದ್ದರು. ಅವರ ಜಾಗಕ್ಕೇ ಈ ಡೆಮೊ. ಮಕ್ಕಳು ತುಂಬಿದ ತರಗತಿಯಲ್ಲೇ ಅವರ ಪಕ್ಕದಲ್ಲಿ ಕಾಲೇಜಿನ ಕಾರ್ಯದರ್ಶಿ ಶಿವಮೂರ್ತಪ್ಪ, ಕೊಬ್ಬರಿ ವ್ಯಾಪಾರದವರು, ಮೊಬೈಲನ್ನು ಜೇಬಿಗೆ ಹಾಕಿಕೊಂಡು ಕೂತಿದ್ದರು. ಮೆಹನಾಜ್‌ಗೆ ಸಿಕ್ಕಿದ ವಿಷಯ, ಎರಡೂ ತುದಿ ಕಟ್ಟಿದ ತಂತಿಯ ಮೇಲಿನ ಸ್ಥಿರ ತರಂಗ. ಸಮಯ ಅರ್ಧ ಗಂಟೆ.

“ಪಾಠ ಮಾಡಿ ಸೂತ್ರ ಪೂರ್ತಿ ಸಾಧಿಸಿ ತೋರಿಸ್ಬೇಕು ಕಣಮ್ಮ,” ಎಂದರು ಕಾಂತರಾಜು. “ಅರ್ಧಕ್ಕೆ ಬಿಟ್ಟೋರನ್ನ ನಾನು ತಗೊಳಲ್ಲ. ಚಿತ್ರ ಬರೆಯೋ ತಾಪತ್ರಯ ಬೇಡ, ಗೋಡೆ ಮೇಲೆ ಐತೆ.”

ಐತೆ ಅಂದರೆ ಹೇಗಿತ್ತು! ಅರ್ಧ ಗೋಡೆಯಷ್ಟು ದೊಡ್ಡ ಚಿತ್ರ, ಮೇಷ್ಟ್ರೇ ಪೇಂಟರನ್ನು ಕರೆಸಿ ಬರೆಸಿದ್ದು. ಮೊದಲನೇ ಸಾಲಿನಲ್ಲಿ ಒಂದು ಕುಣಿಕೆ, ಅದರ ಕೆಳಗೆ ಎರಡು, ಅದರ ಕೆಳಗೆ ಮೂರು. ಮೊದಲನೇ, ಎರಡನೇ, ಮೂರನೇ ಹಾರ್ಮೋನಿಕ್. ಅಲ್ಲಾಡದ ಜಾಗಕ್ಕೆ ನೋಡ್, ಅತಿ ಹೆಚ್ಚು ಅಲ್ಲಾಡುವ ಜಾಗಕ್ಕೆ ಆಂಟಿನೋಡ್ ಎಂದು ದಪ್ಪಕ್ಷರದಲ್ಲಿ ಗುರುತು. ಮೇಲಿನ ಕಮಾನುಗಳೆಲ್ಲ ಕೆಂಪು, ಕೆಳಗಿನವೆಲ್ಲ ನೀಲಿ. ನೋಡಲು ಮದುವೆ ಮನೆ ಚಪ್ಪರದಷ್ಟು ಚಂದ.

ಮೆಹನಾಜ್ ಸೀಮೆಸುಣ್ಣ ಹಿಡಿದು ಶುರುಮಾಡಿದಳು. ಅಲೆ ತುದಿಗೆ ಹೋಗಿ ಬಡಿದು ವಾಪಸ್ ಬರುತ್ತದೆ, ಹೋಗುವ ಅಲೆಯೂ ಬರುವ ಅಲೆಯೂ ಸೇರಿ ಹೀಗೆ ಕುಣಿಕೆಗಳಾಗುತ್ತವೆ. ಮಾತು ಸರಾಗವಾಗಿ ಹರಿಯಿತು, ಸೂತ್ರದ ಮೊದಲ ಸಾಲೂ ಬೋರ್ಡಿಗೆ ಬಂತು. ಅಷ್ಟರಲ್ಲಿ ಕಿಟಕಿ ಪಕ್ಕದ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಸ್ಫೂರ್ತಿ ಅಂತ ಹುಡುಗಿ, ಚೌಳಹಿರಿಯೂರಿನವಳು.

“ಮಿಸ್, ಕೆಂಪು ತಂತಿನೂ ನೀಲಿ ತಂತಿನೂ ಸೇರೋ ಕಡೆ ಗಂಟು ಹಾಕಿರ್ತಾರಾ?”

ತರಗತಿಯಲ್ಲಿ ಯಾರೂ ನಗಲಿಲ್ಲ. ಮೆಹನಾಜ್‌ಗೆ ಎದೆ ಧಸಕ್ಕೆಂದಿದ್ದು ಅದಕ್ಕೇ. ನಗದಿದ್ದರೆ ಎಲ್ಲರ ತಲೆಯಲ್ಲೂ ಎರಡು ತಂತಿ ಇದೆ ಎಂದೇ ಅರ್ಥ.

“ಎಷ್ಟು ತಂತಿ ಇದೆ ಇದರಲ್ಲಿ?” ಎಂದು ಕೇಳಿದಳು.

“ಎರಡು, ಮಿಸ್,” ಎಂದಿತು ಇಡೀ ತರಗತಿ.

“ನಂಗೂ ಎರಡೇ ಕಾಣೋದು,” ಎಂದರು ಶಿವಮೂರ್ತಪ್ಪ, ಪಾಪ, ಪ್ರಾಮಾಣಿಕವಾಗಿ.

ಕಾಂತರಾಜು ಗಡಿಯಾರ ನೋಡಿದರು. “ಆಮೇಲೆ ಹೇಳ್ಬೋದು ಮೇಡಂ. ಸೂತ್ರ ಮುಂದುವರಿಸಿ.”

ಮೆಹನಾಜ್ ಆ ಚಿತ್ರವನ್ನು ಮತ್ತೆ ನೋಡಿದಳು. ಆಗ ಕಂಡಿತು ಎಡವಟ್ಟು. ಎರಡು ಕುಣಿಕೆಯ ತಂತಿ ಎಡಗಡೆ ಮೇಲಿದ್ದಾಗ ಬಲಗಡೆ ಕೆಳಗಿರುತ್ತದೆ. ಅಂದರೆ ಕೆಂಪು ಗೆರೆ ನೋಡ್ ದಾಟಿದ ಕೂಡಲೇ ಕೆಳಗಿಳಿಯಬೇಕು. ಪೇಂಟರ್ ಮಹಾಶಯ ಅಂದಕ್ಕೆಂದು ಮೇಲಿನದನ್ನೆಲ್ಲ ಕೆಂಪು ಮಾಡಿ ಕೂತಿದ್ದ. ಅದನ್ನು ಹೇಳುವುದೆಂದರೆ ಕೆಲಸ ಕೊಡಬೇಕಾದವರ ಚಿತ್ರಕ್ಕೇ ತಪ್ಪು ಹಿಡಿಯುವುದು. ಹೇಳದೆ ಸೂತ್ರ ಮುಗಿಸಿದರೆ ಮಕ್ಕಳು ಎರಡು ತಂತಿಗಳ ಸೂತ್ರವನ್ನು ಉರು ಹೊಡೆಯುತ್ತಾರೆ. ಒಳಗೊಳಗೇ ಅವಳಿಗೆ ಸಿಟ್ಟು ಬಂತು. ಹಿಂದಿನ ಡೆಮೊಗಳಲ್ಲೆಲ್ಲ ಸೂತ್ರ ಮುಗಿಸಿಯೇ ಬಂದಿದ್ದಳಲ್ಲ, ಏನು ಸಿಕ್ಕಿತ್ತು ಮಣ್ಣು?

ಸೀಮೆಸುಣ್ಣ ಕೆಳಗಿಟ್ಟಳು. “ಕ್ಷಮಿಸಿ ಸರ್. ಇದು ತಿಳಿಯದೆ ಸೂತ್ರ ಬರೆದ್ರೆ ಪ್ರಯೋಜನ ಇಲ್ಲ. ಒಂದು ಹಗ್ಗ ಬೇಕು.”

ಕಾಂತರಾಜು ಮುಖ ಗಂಟಿಕ್ಕಿದರು, ಬೇಡವೆನ್ನಲಿಲ್ಲ. ಮೂಲೆಯಲ್ಲಿ ವಾಲಿಬಾಲ್ ನೆಟ್ಟಿನ ಹಳೇ ಹಗ್ಗ ಬಿದ್ದಿತ್ತು. ಮೆಹನಾಜ್ ದುಪಟ್ಟಾ ಸೊಂಟಕ್ಕೆ ಬಿಗಿದು, ಹಗ್ಗದ ಒಂದು ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ ಇನ್ನೊಂದನ್ನು ಹಿಡಿದು ನಿಂತಳು.

“ನನ್ನ ಕೈ ಚೂರೇ ಅಲ್ಲಾಡುತ್ತೆ. ಅದನ್ನೂ ಕಟ್ಟಿದ ತುದಿ ಅಂತಲೇ ಅಂದ್ಕೊಳಿ.”

ಮೆಲ್ಲಗೆ ಅಲ್ಲಾಡಿಸಿದಳು. ಹಗ್ಗದ ನಡುಭಾಗ ಮೇಲೆ ಹೋಯಿತು, ಕೆಳಗೆ ಬಂತು, ಮೇಲೆ ಹೋಯಿತು. “ಮೇಲೆ ಇದ್ದಾಗ ಕೆಳಗೆ ಇನ್ನೊಂದು ಹಗ್ಗ ಕಾಣ್ತಿದೆಯಾ?”

“ಇಲ್ಲ ಮಿಸ್. ಅದೇ ಹಗ್ಗ ಬರ್ತೈತೆ.”

“ಅಷ್ಟೇ. ಒಂದು ಗೆರೆ ಹಗ್ಗ ಮೇಲಕ್ಕೆ ಹೋದಾಗ, ಇನ್ನೊಂದು ಅದೇ ಹಗ್ಗ ಕೆಳಕ್ಕೆ ಬಂದಾಗ. ಎರಡು ಗಳಿಗೆ, ಒಂದೇ ಹಗ್ಗ.”

ಕೈಯ ವೇಗ ಹೆಚ್ಚಿಸಿದಳು. ಹಗ್ಗ ದಿಕ್ಕು ದೆಸೆಯಿಲ್ಲದೆ ಒದ್ದಾಡಿತು. ಹಿಂದಿನ ಬೆಂಚಿನವರು ಕಿಸಕ್ಕೆಂದರು. ಮೆಹನಾಜ್ ಹಲ್ಲು ಕಚ್ಚಿ ಇನ್ನೂ ಬೇಗ ಮಾಡಿದಳು. ವೇಗ ಮೊದಲಿನದರ ಎರಡರಷ್ಟಾದದ್ದೇ ತಡ, ಹಗ್ಗ ತಾನಾಗಿ ಎರಡು ಕುಣಿಕೆಯಾಗಿ ನಿಂತಿತು. ನಡುವೆ ಒಂದು ಜಾಗ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

“ಬಾ ಸ್ಫೂರ್ತಿ, ಗಂಟು ಹುಡುಕು. ಹೆಬ್ಬೆರಳು ತೋರುಬೆರಳು ಸೇರಿಸಿ ಬಳೆ ಹಾಗೆ ಮಾಡಿ, ಆ ಜಾಗದಲ್ಲಿ ಹಗ್ಗದ ಸುತ್ತ ಹಿಡಿ. ಮುಟ್ಟಬೇಡ.”

ಸ್ಫೂರ್ತಿ ಹಿಡಿದಳು. ಎರಡೂ ಪಕ್ಕ ಹಗ್ಗ ಕುಣಿಯುತ್ತಿದ್ದರೂ ಬೆರಳಿಗೆ ತಾಗಲಿಲ್ಲ. “ಗಂಟೂ ಇಲ್ಲ, ಏನೂ ಇಲ್ಲ. ಸುಮ್ನೆ ನಿಂತೈತೆ!”

“ಈಗ ಕೈಯನ್ನ ಹಗ್ಗದ ಒಂದು ಕುಣಿಕೆಯ ನಡುವಿಗೆ ಜರುಗಿಸು.”

ಹಗ್ಗ ಬೆರಳಿಗೆ ಪಟ್ಟನೆ ಬಡಿಯಿತು. “ಅಯ್ಯಪ್ಪಾ!” ಎಂದು ಹುಡುಗಿ ಕೈ ಕೊಡವಿದಳು. ಇಡೀ ತರಗತಿ ಘೊಳ್ಳೆಂದಿತು. ನೋಡ್ ಯಾವುದು, ಆಂಟಿನೋಡ್ ಯಾವುದು ಎಂದು ಇನ್ನು ಅವಳಿಗೆ ಹೇಳಬೇಕಾಗಿರಲಿಲ್ಲ.

ಮೂರು ಕುಣಿಕೆ ಬರಿಸುವಷ್ಟರಲ್ಲಿ ಮೆಹನಾಜ್‌ಳ ತೋಳು ಸೋತುಹೋಯಿತು. ಬಿಡಲಿಲ್ಲ. ಕೈ ಮೂರರಷ್ಟು ಬೇಗ ಆಡಬೇಕು, ಆಡಿಸಿದಳು. ಮೂರು ಕುಣಿಕೆ ಎದ್ದು ನಿಂತವು, ಅದೇ ಹೊತ್ತಿಗೆ ಬೆಲ್ಲೂ ಹೊಡೆಯಿತು.

ಬೋರ್ಡಿನ ಮೇಲೆ ಸೂತ್ರದ ಮೊದಲ ಸಾಲು ಒಂದೇ ನಿಂತಿತ್ತು. ಹೋಯ್ತು ಕೆಲಸ, ಅಂದುಕೊಂಡಳು. ಆದರೆ ತಪ್ಪು ಮಾಡಿದೆ ಅಂತ ಮಾತ್ರ ಅನ್ನಿಸಲಿಲ್ಲ. ಹಗ್ಗ ಸುತ್ತತೊಡಗಿದಳು.

“ಯಾರೂ ಏಳ್ಬೇಡಿ,” ಎಂದರು ಕಾಂತರಾಜು. “ಸ್ಫೂರ್ತಿ, ಬಾರಮ್ಮ ಇಲ್ಲಿ. ಗೋಡೆ ನೋಡ್ಬೇಡ. ಮೂರನೇ ಹಾರ್ಮೋನಿಕ್ ಬರಿ.”

ಸ್ಫೂರ್ತಿ ಬಿಳಿ ಸೀಮೆಸುಣ್ಣದಲ್ಲಿ ಒಂದೇ ಗೆರೆ ಎಳೆದಳು: ಮೇಲೆ, ಕೆಳಗೆ, ಮತ್ತೆ ಮೇಲೆ. ಆಮೇಲೆ ಚುಕ್ಕೆ ಚುಕ್ಕೆಯಾಗಿ ಇನ್ನೊಂದು: ಕೆಳಗೆ, ಮೇಲೆ, ಕೆಳಗೆ. “ಇದೂ ಅದೇ ತಂತಿ ಸರ್. ಒಂಚೂರು ಹೊತ್ತಾದ್ಮೇಲೆ.”

“ನೋಡ್ ಎಷ್ಟು?”

“ತುದಿ ಎರಡೂ ಸೇರಿ ನಾಲ್ಕು. ಆಂಟಿನೋಡ್ ಮೂರು.”

“ಮೊದಲನೇದರ ಆವೃತ್ತಿ ಸೆಕೆಂಡಿಗೆ ನೂರಾದ್ರೆ ಇದರದ್ದು?”

“ಮುನ್ನೂರು ಸರ್. ಮಿಸ್ ಕೈ ಮೂರರಷ್ಟು ಬೇಗ ಆಡ್ತಿತ್ತಲ್ಲ.”

ಕಾಂತರಾಜು ಎದ್ದು ಗೋಡೆಯ ಹತ್ತಿರ ಹೋದರು. ಎರಡನೇ ಸಾಲಿನ ಕೆಂಪು ಕಮಾನಿನ ಮೇಲೆ ಬೆರಳಿಟ್ಟು ನೋಡ್‌ವರೆಗೆ ಎಳೆದರು. ಅಲ್ಲಿ ಬೆರಳು ಒಂದು ಗಳಿಗೆ ನಿಂತು, ಆಮೇಲೆ ನೀಲಿಯ ಮೇಲೆ ಇಳಿಯಿತು.

“ಇಷ್ಟು ವರ್ಷ ದಿನಾ ನೋಡಿದೀನಿ ಕಣ್ರೀ ಇದನ್ನ,” ಎಂದರು, ಯಾರಿಗೆಂದು ಹೇಳದೆ.

ಶಿವಮೂರ್ತಪ್ಪ ಕೆಮ್ಮಿದರು. “ಹಂಗಾದ್ರೆ ಮೇಡಮ್ಮೋರಿಗೆ ತಿಳಿಸ್ತೀವಿ ಅಂತ ಹೇಳೋದಾ ಸಾರ್?”

ಮೆಹನಾಜ್ ಕಣ್ಣು ಮುಚ್ಚಿದಳು. ಬಂತಲ್ಲ ಅದೇ ಮಾತು.

“ತಿಳಿಸೋದೇನು ಬಂತು?” ಕಾಂತರಾಜು ಬೋರ್ಡಿನತ್ತ ಕೈ ತೋರಿಸಿ ರೇಗಿದರು. “ಸೂತ್ರ ಅರ್ಧಕ್ಕೆ ಬಿಟ್ಟವ್ರೆ. ಹಂಗೆ ಬಿಟ್ಟು ಹೋಗೋಕೆ ನಾನು ಬಿಡ್ತೀನಾ? ಸೋಮವಾರ ಮೊದಲನೇ ಪೀರಿಯಡ್ಡಿಗೆ ಬಂದು ಮುಗಿಸ್ಲಿ. ಬರ್ತಾ ಒಂದು ಡಬ್ಬಿ ಕೆಂಪು, ಒಂದು ಡಬ್ಬಿ ನೀಲಿ ಪೇಂಟ್ ತಗೊಂಡ್ ಬನ್ನಿ ಮೇಡಂ. ಈ ಗೋಡೆ ಇನ್ಮೇಲೆ ನಿಮ್ದು.”