ಮುಂದಿನ ವಾರ ಇನ್ನೂ ಕಡಿಮೆ

ಇದರಲ್ಲಿ ಒಂದೆಳೆ ಸುಳ್ಳಿದ್ದರೂ ನಾನು ಉಟ್ಟ ಬಟ್ಟೆ ಇಲ್ಲೇ ಬಿಚ್ಚಿಕೊಳ್ಳಲಿ, ನಡೆದದ್ದನ್ನೇ ಹೇಳುತ್ತೇನೆ.

ಹಬ್ಬ ಮುಗಿದ ಮರುದಿನ ಒಂದೇಮಾತು ಎಂಬಾತ ತನ್ನ ಬಟ್ಟೆ ಅಂಗಡಿಯ ಬಾಗಿಲು ತೆರೆದ. ಆಡಿದ ಮಾತು ತಪ್ಪದವನೆಂದು ಜನರೇ ಇಟ್ಟ ಹೆಸರು ಅದು. ಗೋಡೆ ತುಂಬ ಇನ್ನೂರ ನಲವತ್ತು ಜರಿ ಫ್ರಾಕು ಮಿಕ್ಕಿದ್ದವು. ದೀಪ ಹಾಕದೆಯೇ ಕಣ್ಣು ಕೋರೈಸುವಷ್ಟು ಜರಿ! ತಿಂಗಳ ಕೊನೆಗೆ ಗೋಡೆ ಖಾಲಿಯಾದರೆ ಮಾತ್ರ ಶಾಲೆ ಯೂನಿಫಾರಂ ಸರಕು ಅವನಿಗೆ, ಇಲ್ಲದಿದ್ದರೆ ಎದುರಂಗಡಿಗೆ ಎಂದು ಸಗಟು ವ್ಯಾಪಾರಿಯ ಕರಾರು. ಅದು ತಪ್ಪಿದರೆ ಅಂಗಡಿ ಮುಚ್ಚಬೇಕಾದದ್ದೇ.

ಗಲ್ಲಾದಲ್ಲಿ ಕೂರುವ ಅವನ ಅತ್ತಿಗೆ ಅಂದಳು, "ಇವತ್ತೇ ಒಂದ್ಸಲ ಜೋರಾಗಿ ಇಳಿಸ್ಬಿಡಪ್ಪ, ನೂರಕ್ಕೆ ಮೂವತ್ತು. ಜನಕ್ಕೆ ಹಬ್ಬದ ಬಿಸಿ ಇನ್ನೂ ಆರಿಲ್ಲ. ಮಿಕ್ಕಿದ್ದಕ್ಕೆ ಜರಿ ಕಿತ್ತು ದಿನಬಳಕೆ ಫ್ರಾಕು ಅಂತ ಮಾರೋಣ."

"ನವಿಲಿನ ಗರಿ ಕಿತ್ತು ಕೋಳಿ ಅಂತ ಮಾರ್ತೀರಾ ಅತ್ತಿಗೆ?"

"ಕೋಳಿಗೆ ವರ್ಷವಿಡೀ ಗಿರಾಕಿ ಇರ್ತಾರೆ."

ಒಮ್ಮೆಗೇ ಮೂವತ್ತು ಬಿಡಲು ಅವನ ಕರುಳು ಒಪ್ಪಲಿಲ್ಲ. ವಾರಕ್ಕೆ ಹತ್ತರಂತೆ ಇಳಿಸುವುದೆಂದು ನಿಶ್ಚಯಿಸಿ, 'ನೂರಕ್ಕೆ ಹತ್ತು ಕಡಿತ' ಎಂದು ಹಲಗೆ ಬರೆದ. ಗಿರಾಕಿಗೆ ಏನನ್ನೂ ಮುಚ್ಚಿಡಬಾರದಲ್ಲ! ಕೆಳಗೆ ದಪ್ಪಕ್ಷರದಲ್ಲಿ ಸೇರಿಸಿದ: 'ಮುಂದಿನ ವಾರ ಇನ್ನೂ ಕಡಿಮೆ.'

ಜನ ಬಂದರು. ಸಾಲಿನ ಬಾಲ ಎದುರಂಗಡಿಯೊಳಗೆ ಹೊಕ್ಕು, ಅಲ್ಲೇ ಖರೀದಿ ಮುಗಿಸಿ ಬರುವಷ್ಟು ಜನ. ಮಕ್ಕಳಿಗೆ ಫ್ರಾಕು ತೊಡಿಸಿ, ತಿರುಗಿಸಿ ನೋಡಿ, ಬಿಚ್ಚಿಟ್ಟರು.

"ಮುಂದಿನ ವಾರ ಬರ್ತೀವಿ ಅಣ್ಣಾ. ನೀವೇ ಬರ್ದಿದೀರಲ್ಲ!"

"ಆ ಸಾಲು ಒರೆಸಪ್ಪ, ಕೈ ಮುಗೀತೀನಿ," ಅಂದಳು ಅತ್ತಿಗೆ.

"ಬರೆದ ಮಾತು ಅತ್ತಿಗೆ."

ಇಪ್ಪತ್ತಾಯಿತು, ಮೂವತ್ತಾಯಿತು. ಕಡಿತ ನಲವತ್ತಕ್ಕೆ ಏರಿದಾಗ ಅಸಲೂ ಹುಟ್ಟುತ್ತಿರಲಿಲ್ಲ, ಅದರ ಮೇಲೆ ಆ ಹೊತ್ತಿಗೆ ಕಾಯುತ್ತಿದ್ದವರಿಗೂ ಹಬ್ಬ ಮರೆತುಹೋಗಿತ್ತು. "ಈಗ ಜರಿ ಹಾಕ್ಕೊಂಡು ಎಲ್ಲಿಗೆ ಹೋಗೋದು?" ಎಂದು ಮುಂದೆ ನಡೆದರು.

ತಿಂಗಳ ಕೊನೆಯ ದಿನ ಯೂನಿಫಾರಂ ಗಾಡಿ ಬಂತು. ಸಾಗಿಸುವವ ಒಳಗೆ ಇಣುಕಿದ, ಗೋಡೆ ಮಿನುಗಿತು, ಗಾಡಿ ಎದುರಂಗಡಿಗೆ ತಿರುಗಿತು. ಒಂದೇಮಾತು ಹೊಸ್ತಿಲಲ್ಲೇ ನಿಂತು, ಅಲ್ಲಿ ಇಳಿಯುವ ಮೂಟೆಗಳನ್ನು ಎಣಿಸಿದ.

ಮರುದಿನ, ಮಿಕ್ಕ ಸರಕನ್ನು ಒಟ್ಟಾಗಿ ಕೊಳ್ಳುವ ಲಾಟಿನವನು ಫ್ರಾಕುಗಳನ್ನೆಲ್ಲ ಕಿಲೋ ಲೆಕ್ಕದಲ್ಲಿ ತೂಗಿಕೊಂಡು ಹೋದ, ಅದರಲ್ಲೂ ಜರಿಯ ಭಾರ ಕಳೆದು. ವಾರವಾಗುವುದರೊಳಗೆ ಅವೇ ಫ್ರಾಕುಗಳು ಎದುರಂಗಡಿಯಲ್ಲಿ ನೇತಾಡಿದವು. ಜರಿಯಿಲ್ಲ, ಕಡಿತವೂ ಇಲ್ಲ. ಅತ್ತಿಗೆ ಹೋಗಿ ಒಂದನ್ನು ಕೊಂಡು ತಂದು ಅವನ ಮಡಿಲಲ್ಲಿ ಹರಡಿದಳು. ಅಂಚಿನುದ್ದಕ್ಕೂ ಸೂಜಿ ಚುಚ್ಚಿದ ತೂತುಗಳು. ಅವನು ಬೆರಳಾಡಿಸಿದ.

ಅದೇ ಹಲಗೆಯ ಹಿಂಬದಿಯಲ್ಲಿ 'ಅಂಗಡಿ ಬಿಡುತ್ತಿದ್ದೇವೆ' ಎಂದು ಬರೆದು ತೂಗುಹಾಕಿದ. ದಾರಿಹೋಕನೊಬ್ಬ ಹಲಗೆ ತಿರುಗಿಸಿ ಹಳೆಯ ಸಾಲನ್ನೂ ಓದಿ ಕೇಳಿದ, "ಮುಂದಿನ ವಾರ ಇನ್ನೂ ಕಡಿಮೆಗೆ ಬಿಡ್ತೀರಾ ಅಣ್ಣಾ?"

ಆ ತೂತಿನ ಫ್ರಾಕು ಈಗ ಊರೂರು ಸುತ್ತಿ ಬಟ್ಟೆ ಮಾರುವ ನನ್ನ ಚೀಲದಲ್ಲಿದೆ. ಕಥೆ ಪೂರ್ತಿ ಕೇಳಿದ್ದೀರಿ, ಪೂರ್ತಿ ಬೆಲೆ ಕೊಟ್ಟು ಒಯ್ಯಿರಿ. ಮುಂದಿನ ವಾರ ಬರುತ್ತೇನೆ ಅಂದೀರಿ, ಜೋಕೆ!