ಹಿಂಬಾಗಿಲಿನ ಅಗಲ

ಗುಂಡಿ, ದಾರ ಮಾರುವ ಅಂಗಡಿ ತೆರೆಯಲು ಭಾವನಿಗೆ ಪರವಾನಗಿ ಬೇಕಾಗಿತ್ತು. ನಕ್ಷೆ ಬರೆಯುವ ನಾದಿನಿ ಒಂದಕ್ಕೆ ಐವತ್ತರ ಅಳತೆಯಲ್ಲಿ ಹಾಳೆ ಮುಗಿಸಿದ್ದಳು. ಹಿಂಬಾಗಿಲು ಹೊರಕ್ಕೆ ತೆರೆಯುವುದನ್ನು ಕಮಾನುಗೆರೆಯಲ್ಲಿ ತೋರಿಸಿ, ಕೆಂಪಕ್ಷರದಲ್ಲಿ ‘ತುರ್ತು ನಿರ್ಗಮನ’ ಎಂದು ಬರೆದೂ ಆಗಿತ್ತು. ಭಾವ ಕೊಟ್ಟ ಚೀಟಿಯಲ್ಲಿ ಅದರ ಅಗಲ 2.9 ಅಡಿ. ಅವಳು ಅದನ್ನು 884 ಮಿಲಿಮೀಟರ್ ಮಾಡಿದ್ದಳು. ನಿಯಮಕ್ಕೆ 850 ಸಾಕು.

ಸಹಿ ಹಾಕುವ ಮುಂಚೆ ಒಮ್ಮೆ ನೋಡಿಬಿಡೋಣವೆಂದು ತಾನೇ ಟೇಪು ಹಿಡಿದಳು. 838 ಬಂತು.

“ಭಾವ, ಇದು ಎರಡಡಿ ಒಂಬತ್ತಿಂಚು. ಅಂದ್ರೆ ಎರಡೂಮುಕ್ಕಾಲಡಿ. ಮಧ್ಯೆ ಚುಕ್ಕಿ ಯಾಕಿಟ್ರಿ?”

“ನಾನು ಯಾವಾಗ್ಲೂ ಹಾಗೇ ಬರೆಯೋದು. ಹಾಳೆಯಲ್ಲಿ ಎಷ್ಟು ವ್ಯತ್ಯಾಸ ಆಗುತ್ತೆ?”

“ಒಂದು ಮಿಲಿಮೀಟರೂ ಇಲ್ಲ.”

“ಮತ್ತೆ ಬಿಡಮ್ಮ! ಅದು ಯಾರ ಕಣ್ಣಿಗೆ ಬೀಳುತ್ತೆ? ಸೋಮವಾರ ಅಂಗಡಿ ತೆಗೀಬೇಕು.”

“ಬೆಂಕಿ ಬಿದ್ರೆ ಈ ಬಾಗಿಲಲ್ಲಿ ನುಗ್ಗೋರು ನಿಮ್ಮ ಗಿರಾಕಿಗಳು.”

“ಹಠದಲ್ಲಿ ನಿಮ್ಮಕ್ಕನ್ನೇ ಮೀರಿಸ್ತೀಯ.”

ಅವಳು 884 ಅಳಿಸಿ 838 ಬರೆದಳು. ಭಾವ ಬಡಗಿಗೆ ಫೋನ್ ಮಾಡಿದ. ಚೌಕಟ್ಟು ಕಿತ್ತು ಅಗಲ ಮಾಡಲು ಒಂದು ವಾರ ಬೇಕಂತೆ. ಮುಂಬಾಗಿಲಿನ ಗಾಜಿಗೆ ಅಂಟಿಸಿದ್ದ ‘ಸೋಮವಾರ ಆರಂಭ’ ಎಂಬ ಕಾಗದವನ್ನು ಅವನು ಉಗುರಿನಿಂದ ಕೀಳತೊಡಗಿದ.