ಹಳದಿ ಗೆರೆ ಇಳಿಯುವ ಮೊದಲು

ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಚಕ್ರಪಾಣಿಯವರದೊಂದು ಶೆಡ್ಡು. ಹಾಸಿಗೆ ಹಿಡಿದವರಿಗಾಗಿ ಅಲ್ಲಿ ಮಂಚ ತಯಾರಾಗುತ್ತಿತ್ತು. ಬಟನ್ ಒತ್ತಿದರೆ ತಲೆಯ ಕಡೆ ಏಳುತ್ತದೆ, ಇನ್ನೊಂದು ಒತ್ತಿದರೆ ಇಳಿಯುತ್ತದೆ. ಆ ಮಂಚದ ಮೋಟರ್ ನಡೆಸುವ ಬೋರ್ಡುಗಳನ್ನು ಹದಿನಾಲ್ಕು ವರ್ಷದಿಂದ ಬೆಸೆದು, ಪರೀಕ್ಷಿಸಿ ಕಳಿಸುತ್ತಿದ್ದವಳು ಶೈಲಾ. ಓದಿದ್ದು ಪಿಯುಸಿವರೆಗೆ. ಉಳಿದದ್ದೆಲ್ಲ ಕೈ ಕಲಿಸಿದ್ದು.

ಅನು ಬಂದದ್ದು ಜೂನ್‌ನಲ್ಲಿ. ಎಂಜಿನಿಯರಿಂಗ್ ಮುಗಿಸಿದ ಹುಡುಗಿ, ವಯಸ್ಸು ಇಪ್ಪತ್ತನಾಲ್ಕು. ಬಂದ ಎರಡೇ ತಿಂಗಳಲ್ಲಿ ಹಳೆಯ ರಿಲೇ ಬೋರ್ಡನ್ನು ಪಕ್ಕಕ್ಕಿಟ್ಟು ಹೊಸದೊಂದನ್ನು ಮಾಡಿದಳು. ಅದನ್ನು ನಡೆಸುವ ಕಂಪ್ಯೂಟರ್ ಕೋಡನ್ನೂ ತಾನೇ ಬರೆದಳು. ಅದರಲ್ಲಿ ಟಕ್ ಟಕ್ ಸದ್ದಿಲ್ಲ. ಮಂಚ ಬೆಣ್ಣೆಯಂತೆ ಮೆಲ್ಲಗೆ ಏಳುತ್ತದೆ. ಚಕ್ರಪಾಣಿ ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. "ನಮ್ಮ ಅನು ಮೇಡಂ ಡಿಸೈನು," ಎನ್ನುತ್ತಿದ್ದರು. ಮಾಲೀಕರು ಅನುವಿಗೆ 'ನೀವು' ಎನ್ನುತ್ತಿದ್ದರು. ಶೈಲಾಳಿಗೆ ಹದಿನಾಲ್ಕು ವರ್ಷದಿಂದಲೂ 'ನೀನು' ಎಂದೇ. ಆ 'ನೀನು'ವಿನಲ್ಲಿ ಮನೆಯವಳೆಂಬ ಸಲಿಗೆಯಿದೆ ಎಂದು ಅಲ್ಲಿಯವರೆಗೆ ಅಂದುಕೊಂಡಿದ್ದಳು. ಈಗ ಆ ಮಾತು ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಕೆಂಡ ಕೆದಕಿದಂತಾಗುತ್ತಿತ್ತು.

ಅನು ಸೊಕ್ಕಿನವಳಾಗಿದ್ದರೆ ಸುಲಭವಾಗುತ್ತಿತ್ತು. ಅವಳೋ "ಶೈಲಕ್ಕ, ಊಟ ಆಯ್ತಾ?" ಎಂದು ಡಬ್ಬಿ ತೆರೆದು ಪಕ್ಕದಲ್ಲೇ ಕೂರುತ್ತಿದ್ದಳು.

ಒಂಬತ್ತನೇ ತಾರೀಕು ಶೈಲಾ ಹೊಸ ಬೋರ್ಡನ್ನು, ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿಗೆ ಹಚ್ಚಿದಳು. ಅದರಲ್ಲಿ ನಾಲ್ಕು ಮಾಸ್ಫೆಟ್‌ಗಳು, ಅಂದರೆ ನಾಲ್ಕು ಸ್ವಿಚ್ಚುಗಳು. ಎಡಗಡೆ ಮೇಲೊಂದು ಕೆಳಗೊಂದು, ಬಲಗಡೆಯೂ ಹಾಗೆಯೇ, ನಡುವೆ ಮೋಟರ್. ಎಡದ ಮೇಲಿನದೂ ಬಲದ ಕೆಳಗಿನದೂ ಹತ್ತಿಕೊಂಡರೆ ಮೋಟರ್ ಒಂದು ಕಡೆ ತಿರುಗುತ್ತದೆ. ಉಳಿದೆರಡು ಹತ್ತಿಕೊಂಡರೆ ಇನ್ನೊಂದು ಕಡೆ. ಒಂದೇ ಬದಿಯ ಮೇಲಿನದು ಕೆಳಗಿನದು ಮಾತ್ರ ಯಾವತ್ತೂ ಜೊತೆಯಾಗಿ ಹತ್ತಿಕೊಳ್ಳಬಾರದು. ಹತ್ತಿಕೊಂಡರೆ ಕರೆಂಟು ಮೋಟರಿನ ಗೊಡವೆಗೆ ಹೋಗದೆ ಬ್ಯಾಟರಿಯ ಪ್ಲಸ್ಸಿನಿಂದ ಮೈನಸ್ಸಿಗೆ ನೇರ ನುಗ್ಗಿ ಆ ಸ್ವಿಚ್ಚುಗಳನ್ನು ಸುಡುತ್ತದೆ.

ಪರದೆಯ ಮೇಲೆ ಹಳದಿ ಗೆರೆ ಎಡದ ಮೇಲಿನ ಸ್ವಿಚ್ಚಿನದು, ನೀಲಿ ಅದರ ಕೆಳಗಿನದು. ಗೆರೆ ಎದ್ದರೆ ಸ್ವಿಚ್ಚು ಹತ್ತಿದೆ ಎಂದರ್ಥ. ಶೈಲಾ ಏರಿಸುವ ಬಟನ್ ಬಿಟ್ಟು ತಕ್ಷಣ ಇಳಿಸುವುದನ್ನು ಒತ್ತಿದಳು. ಹಳದಿ ಗೆರೆ ಪೂರ್ತಿ ಇಳಿಯುವ ಮೊದಲೇ ನೀಲಿ ಎದ್ದಿತು. ಸೆಕೆಂಡಿನ ಲಕ್ಷದಲ್ಲೊಂದು ಪಾಲೂ ಇಲ್ಲ. ಆದರೂ ಎರಡೂ ಒಟ್ಟಿಗೆ ಎದ್ದಿದ್ದವು. ಫೋನಿನಲ್ಲಿ ಫೋಟೊ ತೆಗೆದಳು.

ಅನುವಿಗೆ ತೋರಿಸಲೆಂದೇ ಎದ್ದಳು. ಅಷ್ಟರಲ್ಲಿ ಒಳಗಿನಿಂದ ಚಕ್ರಪಾಣಿಯ ದನಿ ಕೇಳಿಸಿತು: "ಇಷ್ಟು ವರ್ಷ ನಮ್ಮ ಶೆಡ್ಡಲ್ಲಿ ತಲೆ ಓಡ್ಸೋರೇ ಇರ್ಲಿಲ್ಲ ಬಿಡಿ ಮೇಡಂ."

ಶೈಲಾ ಮತ್ತೆ ಕುಳಿತಳು. ಫೋನನ್ನು ಚೀಲಕ್ಕೆ ಹಾಕಿದಳು. ತಲೆ ಇರುವವರೇ ನೋಡಿಕೊಳ್ಳಲಿ. ಬೋರ್ಡಿನ ಚೀಟಿಯ ಮೇಲೆ 'ಸರಿ' ಎಂದು ಬರೆದು ಸಹಿ ಹಾಕಿದಳು.

ಆ ಬೋರ್ಡಿನ ಮಂಚ ಬಸವೇಶ್ವರನಗರದ ಸಿದ್ದಬಸಪ್ಪನವರ ಮನೆಗೆ ಹೋಯಿತು. ಅವರ ಹೆಂಡತಿ ನೀಲಮ್ಮ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದರು. ಇಪ್ಪತ್ತನೇ ತಾರೀಕು ಬೆಳಿಗ್ಗೆ ಫೋನ್ ಬಂತು: ಮಂಚ ಮೇಲೆದ್ದದ್ದು ಇಳಿಯುತ್ತಿಲ್ಲ. ಅನು ಅಂದು ಬೇರೆ ಕಡೆ ಹೋಗಿದ್ದಳು. ಶೈಲಾಳೇ ಹೋದಳು.

ನೀಲಮ್ಮ ಎರಡು ಗಂಟೆಯಿಂದ ಅರ್ಧ ಕೂತ ಭಂಗಿಯಲ್ಲೇ ಇದ್ದರು. ನೋವಿಗೆ ಮುಖ ಬಿಳಿಚಿಕೊಂಡಿತ್ತು. ಸಿದ್ದಬಸಪ್ಪ ಬೆನ್ನ ಹಿಂದೆ ದಿಂಬು ತುರುಕುತ್ತ, "ಎತ್ತಿ ಕೆಳಗೆ ಮಲಗಿಸೋಕೂ ಹೆದರಿಕೆ ಕಣಮ್ಮ, ಮೂಳೆ ಏನಾಗುತ್ತೋ," ಎಂದರು. ಶೈಲಾ ಮಂಚದ ಕೆಳಗೆ ಬಾಗಿದಳು. ಬೋರ್ಡಿನಿಂದ ಮೋಟರಿನ ಎರಡು ತಂತಿ ಕಳಚಿ, ನೇರ ಬ್ಯಾಟರಿಗೆ ಹಿಡಿದು ಮಂಚ ಇಳಿಸಿದಳು. ಬೆನ್ನು ಹಾಸಿಗೆಗೆ ತಾಗಿದಾಗ ನೀಲಮ್ಮ ಕಣ್ಣು ಮುಚ್ಚಿಕೊಂಡರು. "ನೀನು ಬಂದಿದ್ದಕ್ಕೆ ಬದುಕಿದೆ ತಾಯಿ," ಎಂದರು. ಆ ಮಾತು ಶೈಲಾಳಿಗೆ ಚುಚ್ಚಿತು.

ಮಧ್ಯಾಹ್ನ ಅನು ಮರಳಿದ ಮೇಲೆ, ಶೈಲಾ ಬಿಚ್ಚಿ ತಂದಿದ್ದ ಸುಟ್ಟ ಬೋರ್ಡಿನ ಸುತ್ತ ಮೂವರೂ ಶೆಡ್ಡಿನಲ್ಲಿ ನಿಂತರು.

"ಇದು ಡಯೋಡ್ ತೊಂದರೆ ಅನ್ಸುತ್ತೆ ಸಾರ್," ಎಂದಳು ಅನು. "ಬಟನ್ ಬಿಟ್ಟಾಗ ಮೋಟರಿನ ಸುರುಳಿಯಲ್ಲಿರೋ ಕರೆಂಟು ಥಟ್ಟನೆ ನಿಲ್ಲಲ್ಲ. ಅದಕ್ಕೆ ದಾರಿ ಕೊಡೋದು ಈ ನಾಲ್ಕು ಡಯೋಡು. ದಾರಿ ಸಿಗದಿದ್ರೆ ವೋಲ್ಟೇಜ್ ಎಗರಿ ಮಾಸ್ಫೆಟ್ ಹೋಗುತ್ತೆ. ಬಹುಶಃ ಬೆಸುಗೆ ಸರಿ ಕೂತಿಲ್ಲ."

ಡಯೋಡ್ ಬೆಸೆದವಳು ಶೈಲಾ. ಚಕ್ರಪಾಣಿ ಅವಳ ಕಡೆ ತಿರುಗಿದರು. "ಏನೇ ಇದು?"

ಒಳಗಿನ ಕೆಂಡ ಉರಿಯಿತು. ಶೈಲಾ ಬೆಸುಗೆ ಕಡ್ಡಿ ತೆಗೆದು ಒಂದೊಂದೇ ಡಯೋಡಿನ ಕಾಲು ಬಿಡಿಸಿ ಮೀಟರ್ ಹಿಡಿದಳು. ನಾಲ್ಕೂ ಒಂದು ಕಡೆ ಹರಿಸುತ್ತಿದ್ದವು, ಇನ್ನೊಂದು ಕಡೆ ತಡೆಯುತ್ತಿದ್ದವು. ಆಮೇಲೆ ಮಾಸ್ಫೆಟ್ ನೋಡಿದಳು. ಬಲದ ಎರಡೂ ಚೆನ್ನಾಗಿದ್ದವು. ಎಡದ ಮೇಲಿನದೂ ಕೆಳಗಿನದೂ ಎರಡೂ ಸುಟ್ಟು ಒಳಗೇ ಶಾರ್ಟ್ ಆಗಿದ್ದವು.

"ಒಂದೇ ಬದಿಯ ಜೋಡಿ ಹೋಗಿದೆ ಸಾರ್. ನನ್ನ ಡಯೋಡ್ ಅಲ್ಲ. ಕೋಡು ಮೇಲಿನದನ್ನ ಆರಿಸೋ ಮೊದಲೇ ಕೆಳಗಿನದನ್ನ ಹಚ್ತಾ ಇದೆ. ಬೇಕಾದ್ರೆ ನೋಡಿ."

ಫೋನ್ ತೆಗೆದು ಅನುವಿನ ಮುಂದೆ ಹಿಡಿದಳು. ಹಳದಿ, ನೀಲಿ. ಅನು ಫೋನನ್ನು ಕೈಗೆ ತೆಗೆದುಕೊಂಡಳು. ಗೆರೆಗಳನ್ನು ನೋಡಿದಳು. ಅವಳ ಕಣ್ಣು ಫೋಟೊದ ತಲೆಯ ಮೇಲಿದ್ದ ತಾರೀಕಿನ ಬಳಿ ನಿಂತಿತು. ಆಗ ಶೈಲಾಳಿಗೆ ಹೊಳೆಯಿತು, ತಾನು ಏನು ತೋರಿಸಿಬಿಟ್ಟೆ ಎಂದು.

ಅನು ತಲೆಯೆತ್ತಿ ಅವಳನ್ನೊಮ್ಮೆ ನೋಡಿದಳು. ನಂತರ ಫೋನನ್ನು ಮಗುಚಿ ಮೇಜಿನ ಮೇಲಿಟ್ಟು, "ತಪ್ಪು ನನ್ನದೇ ಸಾರ್. ಆರಿಸಿ, ಕಾದು, ಆಮೇಲೆ ಹಚ್ಚಬೇಕಿತ್ತು. ಶೈಲಕ್ಕನ ಕೆಲಸ ಸರಿಯಾಗಿದೆ," ಎಂದಳು.

ಶೈಲಾ ಬದುಕಿಕೊಂಡಳು. ಆದರೆ ಸಮಾಧಾನ ಬರಲಿಲ್ಲ. ಬಂದದ್ದು ಇನ್ನೂ ಹೆಚ್ಚಿನ ಉರಿ. ಓದಿನಲ್ಲಿ ಮುಂದಾದದ್ದು ಸಾಲದೆ, ದೊಡ್ಡತನದಲ್ಲೂ ಈ ಹುಡುಗಿ ಮುಂದಾಗಬೇಕೇ? ಅವಳ ದಯೆಯಲ್ಲಿ ಇನ್ನು ದಿನವೂ ಪಕ್ಕದಲ್ಲಿ ಕೂತು ಉಣ್ಣಬೇಕೇ? ಜೊತೆಗೆ, ನೋವಿನಲ್ಲಿ ಬಿಳಿಚಿದ ಆ ಮುಖ ಕಣ್ಣೆದುರಿನಿಂದ ಸರಿಯಲಿಲ್ಲ.

"ಸಾರ್, ಆ ಫೋಟೊ ತೆಗೆದಿದ್ದು ಒಂಬತ್ತನೇ ತಾರೀಕು," ಎಂದಳು. "ಮಂಚ ಹೋಗೋಕೆ ಮೊದಲೇ ನಂಗೆ ಗೊತ್ತಿತ್ತು. ಹೇಳ್ಲಿಲ್ಲ."

"ಯಾಕೆ?"

"ಹೊಟ್ಟೆಕಿಚ್ಚು ಸಾರ್."

ಚಕ್ರಪಾಣಿ ಸುಟ್ಟ ಬೋರ್ಡನ್ನು ಪಕ್ಕಕ್ಕೆ ತಳ್ಳಿದರು. "ಆ ಅಜ್ಜಿಗೆ ಏನಾದ್ರೂ ಆಗಿದ್ರೆ ಏನೇ ಮಾಡ್ತಿದ್ದೆ?" ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು. ಮೂರು ದಿನ ಅವಳೊಡನೆ ಮಾತಾಡಲಿಲ್ಲ.

ಆ ಮೂರು ದಿನ ಇಬ್ಬರೂ ಒಂದೇ ಮೇಜಿಗೆ ಕೂತರು. ದಿಕ್ಕು ಬದಲಿಸುವಾಗ ಮೊದಲು ನಾಲ್ಕೂ ಸ್ವಿಚ್ಚು ಆರಬೇಕು ಎಂದು ಅನು ಕೋಡು ತಿದ್ದಿದಳು. ಆ ಬಿಡುವಿನಲ್ಲಿ ಸುರುಳಿಯ ಕರೆಂಟು ಡಯೋಡುಗಳ ಮೂಲಕ ಬ್ಯಾಟರಿಗೆ ಮರಳುತ್ತದೆ. ಎಷ್ಟು ಬಿಡುವು ಎಂದು ಅವಳೇ ಕೇಳಿದಳು.

"ಸ್ವಿಚ್ಚಿಗೆ ಕೆಲವು ಮೈಕ್ರೋಸೆಕೆಂಡ್ ಸಾಕು. ಆದ್ರೆ ತಿರುಗ್ತಿರೋ ಮೋಟರನ್ನ ಹಿಂದಕ್ಕೆ ತಿರುಗ್ಸಿದ್ರೆ ಅದು ಹುಟ್ಟಿಸಿರೋ ವೋಲ್ಟೇಜೂ ಬ್ಯಾಟರಿ ಜೊತೆ ಸೇರ್ಕೊಳುತ್ತೆ, ಕರೆಂಟು ದುಪ್ಪಟ್ಟು ಎಳೆಯುತ್ತೆ. ಅದು ನಿಲ್ಲಲಿ. ಅರ್ಧ ಸೆಕೆಂಡ್ ಇಡಿ," ಎಂದಳು ಶೈಲಾ.

ಅನು ಬರೆದುಕೊಂಡಳು. ಪೆನ್ನು ಮುಚ್ಚುತ್ತ, "ನಂಗೆ ಇನ್ನೂ ಕೋಪ ಇದೆ ಶೈಲಕ್ಕ. ಹೋಗೋಕೆ ಟೈಮ್ ಬೇಕು," ಎಂದಳು.

"ಇರ್ಲಿ."

ನಾಲ್ಕನೇ ದಿನ ಅನುವಿನ ಸ್ಕೂಟರಿನಲ್ಲಿ ಹೋಗಿ ಹೊಸ ಬೋರ್ಡು ಕೂಡಿಸಿದರು. ನೀಲಮ್ಮ ತಾವೇ ಬಟನ್ ಒತ್ತಿದರು. ಏರುತ್ತಿದ್ದ ಮಂಚ ನಿಂತು, ಒಂದು ಉಸಿರಿನಷ್ಟು ತಡೆದು, ಮೆಲ್ಲಗೆ ಇಳಿಯಿತು. ನೀಲಮ್ಮ ಅನುವಿನ ಕೈ ಹಿಡಿದು, "ಎಂಥ ಜಾಣೆ ಇವಳು. ಇದನ್ನೆಲ್ಲ ನೀನೇ ಮಾಡಿದ್ದಾ?" ಎಂದು ಕೇಳಿದರು.

ಶೈಲಾಳಿಗೆ ಅದೇ ಹಳೆಯ ಕೆಂಡ ತಾಕಿತು. ಅದು ಆರಿರಲಿಲ್ಲ, ಆರುತ್ತದೆಂಬ ಭರವಸೆಯೂ ಅವಳಿಗಿರಲಿಲ್ಲ. ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕುತ್ತ, ಅನು ಬಾಯಿ ತೆರೆಯುವ ಮೊದಲೇ ಹೇಳಿದಳು:

"ಹೌದಮ್ಮ, ಇವರದ್ದೇ. ಆವತ್ತು ಮಂಚ ಕೆಟ್ಟಿದ್ದರಲ್ಲಿ ನನ್ನ ತಪ್ಪೂ ಇತ್ತು. ಕೂತ್ಕೊಂಡು ಹೇಳ್ತೀನಿ."